ತಳ್ಳುವ ಗಾಳಿ: ನಲವತ್ತು ಸೆಕೆಂಡಿನ ಒಂದು ಪಾಠ
(ಬಾನುಲಿ ಭಾಷಣದ ಬರೆಹರೂಪ)

ಬಾನುಲಿಯಲ್ಲಿ ಮಾತನಾಡುವವರಿಗೆ ಒಂದು ಲೆಕ್ಕ ಬೇಗ ರೂಢಿಯಾಗುತ್ತದೆ. ಕೇಳುವವರಿಗೆ ಅವಸರವೆನಿಸದಂತೆ ಓದಿದರೆ ನಿಮಿಷವೊಂದಕ್ಕೆ ಸುಮಾರು ನೂರು ಕನ್ನಡ ಶಬ್ದಗಳು ಸಲ್ಲುತ್ತವೆ. ಹಾಗಾದರೆ ನಲವತ್ತು ಸೆಕೆಂಡಿಗೆ ಎಷ್ಟು? ಅರವತ್ತೈದು, ಹೆಚ್ಚೆಂದರೆ ಎಪ್ಪತ್ತು. ಪತ್ರಿಕೆಯ ಅಂಕಣದಲ್ಲಿ ಹತ್ತು ಹನ್ನೆರಡು ಸಾಲು. ಇಷ್ಟರೊಳಗೆ ಭೌತಶಾಸ್ತ್ರದ ಒಂದು ತತ್ತ್ವವನ್ನು, ಅದೂ ಮನೆಯ ಸಾಮಾನುಗಳಿಂದ ಒಂದು ಪ್ರಯೋಗವನ್ನು ಮಾಡಿ ತೋರಿಸುತ್ತ, ವಿವರಿಸಬೇಕು. ಕುಕ್ಕುಂದೂರಿನಲ್ಲಿ ನಮ್ಮ ನೆರೆಮನೆಯ, ಎಂಟನೆಯ ತರಗತಿಯ ಹುಡುಗಿಗೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಇಂಥದೊಂದು ಕೆಲಸ ಬಂದಿತ್ತು. ಅವಳು ಬರೆದುಕೊಂಡದ್ದನ್ನು ನನಗೆ ತಂದು ತೋರಿಸಿದಳು. ವಿಜ್ಞಾನ ನನ್ನ ವಿಷಯವಲ್ಲ, ನಾನು ಕನ್ನಡ ಪಾಠ ಮಾಡಿದವನು ಎಂದೆ. "ವಿಜ್ಞಾನ ಸರಿ ಉಂಟು ಅಜ್ಜ, ಮಾತು ಉದ್ದವಾಗ್ತದೆ" ಎಂದಳು.

ಅವಳು ಆರಿಸಿಕೊಂಡದ್ದು ತಾವೆಲ್ಲರೂ ಶಾಲೆಯಲ್ಲಿ ಕಂಡಿರಬಹುದಾದ ಪ್ರಯೋಗ. ಲೋಟದ ತುಂಬ ನೀರು, ಅದರ ಬಾಯಿಗೆ ಒಂದು ಕಾಗದದ ರಟ್ಟು. ರಟ್ಟನ್ನು ಅಂಗೈಯಿಂದ ಒತ್ತಿ ಹಿಡಿದು ಲೋಟವನ್ನು ಮಗುಚಿ, ಬಳಿಕ ಮೆಲ್ಲಗೆ ಕೈ ತೆಗೆದರೆ ರಟ್ಟೂ ಬೀಳುವುದಿಲ್ಲ, ನೀರೂ ಬೀಳುವುದಿಲ್ಲ. ಅವಳ ಬರೆಹ ಹೀಗೆ ಆರಂಭವಾಗಿತ್ತು: ಭೂಮಿಯ ಸುತ್ತಲೂ ಇರುವ ವಾಯುಮಂಡಲವು ತನ್ನ ತೂಕದಿಂದ ಭೂಮಿಯ ಮೇಲಿನ ಸಕಲ ವಸ್ತುಗಳ ಮೇಲೆ ಹೇರುವ ಭಾರಕ್ಕೆ ವಾಯುಭಾರ ಎನ್ನುತ್ತಾರೆ. ಗಡಿಯಾರ ಹಿಡಿದು ಓದಿಸಿದೆ. ಈ ವಾಕ್ಯ ಹಾಗೂ ಅದರ ಹಿಂದೆ ಬಂದ ಇನ್ನೊಂದು ಸೇರಿ ಹದಿನೇಳು ಸೆಕೆಂಡು ಕಳೆದವು. ಲೋಟ ಇನ್ನೂ ಮೇಜಿನ ಮೇಲೆಯೇ ಇತ್ತು.

ಸಮಯ ಹೋದದ್ದು ದೊಡ್ಡದಲ್ಲ, ವಾಕ್ಯವನ್ನು ಕತ್ತರಿಸಬಹುದು. ದೊಡ್ಡ ತೊಡಕು 'ವಾಯುಭಾರ' ಎಂಬ ಶಬ್ದದಲ್ಲೇ ಇತ್ತು. ಮಳೆಗಾಲ ಬಂತೆಂದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿಯನ್ನು ಪತ್ರಿಕೆಗಳು ದಿನವೂ ಹೊತ್ತು ತರುತ್ತವೆ. ಆ ಸಂದರ್ಭಕ್ಕೆ ಶಬ್ದ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಕನ್ನಡದಲ್ಲಿ ಭಾರವೆಂಬುದಕ್ಕೆ ಒಂದೇ ದಿಕ್ಕು: ಕೆಳಕ್ಕೆ. ತಲೆಯ ಮೇಲಿನ ಹೊರೆ ಭಾರ, ಹೆಗಲ ಮೇಲಿನ ಅಡ್ಡೆ ಭಾರ. ಮನಸ್ಸು ಭಾರವಾದರೂ ಅದು ಕುಗ್ಗುವುದೇ ಹೊರತು ಏಳುವುದಿಲ್ಲ. ಇಂಥ ಶಬ್ದವನ್ನು ಕಿವಿಯಲ್ಲಿಟ್ಟುಕೊಂಡು ಮಗುಚಿದ ಲೋಟವನ್ನು ನೋಡುವ ಮಗುವಿಗೆ ಗಾಳಿಯ ಭಾರದಿಂದ ರಟ್ಟು ಬೀಳಬೇಕಿತ್ತು, ಬೀಳಲಿಲ್ಲವೇಕೆ ಎಂದೇ ತೋರಬೇಕು. ಪ್ರಯೋಗ ತೋರಿಸುತ್ತಿರುವುದಾದರೋ ಗಾಳಿ ಮೇಲಕ್ಕೂ ಒತ್ತುತ್ತದೆ ಎಂಬುದನ್ನು. ಗಾಳಿಯ ಕಣಗಳು ಎಲ್ಲ ಕಡೆಗೂ ಓಡಾಡುತ್ತ ಎದುರಾದದ್ದಕ್ಕೆಲ್ಲ ಬಡಿಯುತ್ತಿರುತ್ತವೆ. ಆ ಬಡಿತಕ್ಕೆ ಮೇಲು ಕೆಳಗು ಎಂಬ ಭೇದವಿಲ್ಲ. 'ಒತ್ತಡ' ಎಂದರೆ ಭಾರಕ್ಕಿಂತ ಮೇಲು. ಅದಕ್ಕಿಂತಲೂ ಮೇಲು, ನಾಮಪದವನ್ನೇ ಬಿಟ್ಟು ಕ್ರಿಯಾಪದವನ್ನು ಹಿಡಿಯುವುದು. ಗಾಳಿ ತಳ್ಳುತ್ತದೆ. ಎರಡೇ ಶಬ್ದ, ಎರಡು ಸೆಕೆಂಡು. ಕರ್ತೃ ಯಾರು, ಮಾಡಿದ್ದೇನು ಎಂಬೆರಡೂ ಅದರಲ್ಲಿವೆ. ಕಾರಂತರಿಗೆ ತಮ್ಮ 'ವಿಜ್ಞಾನ ಪ್ರಪಂಚ'ಕ್ಕೆ ನಾಲ್ಕು ಸಂಪುಟಗಳ ಅವಕಾಶವಿತ್ತು. ನಮ್ಮ ಹುಡುಗಿಗೆ ಇದ್ದದ್ದು ಒಂದು ಕ್ರಿಯಾಪದದ ಅವಕಾಶ.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯಿತು, ಅದನ್ನು ಎತ್ತಿದವಳು ಅವಳ ತಾಯಿ. "ಒದ್ದೆ ಕಾಗದ ಲೋಟಕ್ಕೆ ಅಂಟಿಕೊಳ್ಳುವುದಿಲ್ಲವಾ? ಅದರಲ್ಲಿ ಗಾಳಿಯದೇನುಂಟು?" ಎಂದರು. ನ್ಯಾಯವಾದ ಪ್ರಶ್ನೆ. ನೋಡುವವರಲ್ಲಿ ಅರ್ಧ ಜನ ಮನಸ್ಸಿನಲ್ಲಿ ಇದನ್ನೇ ಅಂದುಕೊಳ್ಳುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಪ್ರಯೋಗವೊಂದು ತತ್ತ್ವವನ್ನು ತೋರಿಸಬೇಕಾದರೆ ಅದರೊಡನೆ ಇತರ ಕಾರಣಗಳನ್ನು ಹೊರಗೆ ಹಾಕಲೂ ಬೇಕು. ರಟ್ಟು ನಿಂತದ್ದಷ್ಟನ್ನೇ ತೋರಿಸಿದರೆ ಅಂಟಿನ ವಾದವೂ ಗಾಳಿಯ ವಾದವೂ ಸಮಸಮವಾಗಿಯೇ ನಿಲ್ಲುತ್ತವೆ. ಗಾಳಿಯನ್ನು ಬಿಟ್ಟು ಇನ್ನೇನನ್ನೂ ಬದಲಿಸದೆ ಅದೇ ರಟ್ಟನ್ನು ಬೀಳಿಸಿ ತೋರಿಸಬೇಕು.

ಉಪಾಯ ಅಡುಗೆಮನೆಯಲ್ಲೇ ಇತ್ತು. ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಗುಟುಕು ಗುಟುಕಾಗಿ ತಡೆದು ತಡೆದು ಬರುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದರೆ ಸಲೀಸಾಗಿ ಸುರಿಯುತ್ತದೆ. ಆ ಎರಡನೆಯ ತೂತಿನಿಂದ ಎಣ್ಣೆ ಒಂದು ತೊಟ್ಟೂ ಹೊರಬರುವುದಿಲ್ಲ. ಅದು ಗಾಳಿ ಒಳಹೋಗುವ ಬಾಗಿಲು. ನಮ್ಮ ಲೋಟಕ್ಕೂ ಅಂಥದೊಂದು ಬಾಗಿಲು ಬೇಕು, ಅದನ್ನು ತೆರೆಯುವುದೂ ಮುಚ್ಚುವುದೂ ನಮ್ಮ ಬೆರಳಿನ ಅಧೀನದಲ್ಲಿರಬೇಕು. ಆದ್ದರಿಂದ ಗಾಜಿನ ಲೋಟವನ್ನು ಬಿಟ್ಟು ಉಪ್ಪಿನಕಾಯಿ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಭರಣಿಯೊಂದನ್ನು ತೆಗೆದುಕೊಂಡೆವು. ಬಾಯಿಯ ಅಗಲ 7 ಸೆಂಟಿಮೀಟರು, ಎತ್ತರ 10. ಒಳಗಿನ ನೀರು ಹೊರಗೆ ಕಾಣುವಂತಿತ್ತು. ಬುಡದ ನಡುವೆ ಕಾದ ಮೊಳೆಯಿಂದ ಒಂದು ತೂತು.

ಈ ತೂತಿನ ಅಳತೆಯಲ್ಲಿ ಸೂಕ್ಷ್ಮವಿದೆ. ಗುಂಡುಸೂಜಿಯಿಂದ ಮಾಡಿದ ತೂತು ಸಾಲದು. ಅಷ್ಟು ಕಿರಿದಾದ ಕಂಡಿಯಲ್ಲಿ ನೀರಿನ ಮೇಲ್ಮೈಯೇ ಬಿಗಿದ ಪೊರೆಯಂತೆ ನಿಂತು ಗಾಳಿಯನ್ನು ಒಳಬಿಡದೆ ಹೋಗಬಹುದು. ಬೆರಳು ತೆಗೆದರೂ ರಟ್ಟು ಬೀಳದೆ ನಗೆಪಾಟಲಾದೀತು. ಮೂರು ಮಿಲಿಮೀಟರಿನಷ್ಟಿದ್ದರೆ ಗಾಳಿ ತಡೆಯಿಲ್ಲದೆ ನುಗ್ಗುತ್ತದೆ. ಭರಣಿ ಗಟ್ಟಿಯಾಗಿರಬೇಕಾದದ್ದು ಇನ್ನೊಂದು ಕಾರಣಕ್ಕೆ. ನೀರಿನ ಬಾಟಲಿಯಂಥ ಮೆತ್ತನೆಯದನ್ನು ಹಿಡಿದರೆ ಕೈಯ ಬಿಗಿತಕ್ಕೇ ಅದು ಅದುಮಿಕೊಂಡು ರಟ್ಟನ್ನು ಹೊರದೂಡುತ್ತದೆ. ನೀರು ತಣ್ಣಗಿರಬೇಕು, ಬಿಸಿನೀರಾದರೆ ಒಳಗೆಲ್ಲಾದರೂ ಸಿಕ್ಕಿಕೊಂಡ ಗಾಳಿ ಹಿಗ್ಗಿ ರಟ್ಟನ್ನು ತಳ್ಳುತ್ತದೆ. ರಟ್ಟಿಗೆ ಮದುವೆಯ ಕರೆಯೋಲೆ ಒಳ್ಳೆಯದು. ನಮ್ಮಲ್ಲಿ ಪ್ರತಿ ಮನೆಯಲ್ಲೂ ಅದರ ರಾಶಿಯೇ ಇರುತ್ತದೆ, ಅದರಲ್ಲೂ ನುಣುಪು ಲೇಪವಿರುವುದು ನೀರಿಗೆ ಬೇಗ ಮಣಿಯುವುದಿಲ್ಲ. ಅಂಚೆ ಕಾರ್ಡು ನಿಮಿಷದೊಳಗೆ ಮೆತ್ತಗಾಗಿ ಅಂಚು ಬಾಗುತ್ತದೆ.

ತುಂಬಿಸುವುದೂ ಒಂದು ಕಲೆಯೇ. ಭರಣಿಯನ್ನು ಮೇಜಿನ ಮೇಲಿಟ್ಟು ಚೆಂಬಿನಿಂದ ಸುರಿಯಹೋದರೆ ಬುಡದಿಂದ ಸೋರಿ ಮೇಜೆಲ್ಲ ಒದ್ದೆ. ಬಕೆಟ್ಟಿನ ನೀರಿನಲ್ಲಿ ಇಡೀ ಭರಣಿಯನ್ನು ಮುಳುಗಿಸಿ, ಅಲ್ಲಿಯೇ ಬುಡದ ತೂತನ್ನು ತೋರುಬೆರಳಿನಿಂದ ಮುಚ್ಚಿ, ಬಾಯಿ ಮೇಲಾಗಿ ಎತ್ತಿದರೆ ಅಂಚಿನವರೆಗೆ ತುಂಬಿ ಬರುತ್ತದೆ. ರಟ್ಟನ್ನು ಒಂದು ಪಕ್ಕದಿಂದ ಜಾರಿಸಿ ಮುಚ್ಚಬೇಕು. ಇದೆಲ್ಲ ನಲವತ್ತು ಸೆಕೆಂಡಿಗೆ ಮುಂಚಿನ ಕೆಲಸ. ಅಭಿನಯಕ್ಕೆ ಮೊದಲು ಬಣ್ಣ ಹಚ್ಚಿಕೊಂಡಂತೆ. ಮಗುಚಿದ ಮೇಲೆ ಬೆರಳು ಭರಣಿಯ ನೆತ್ತಿಯ ಮೇಲಿರುತ್ತದೆ. ಕೈ ತೆಗೆದ ಎರಡು ಮೂರು ಸೆಕೆಂಡಿಗೇ ರಟ್ಟು ಜಾರಿ ಬಿದ್ದರೆ ಬೆರಳಿನ ಕೆಳಗೆ ಗಾಳಿ ನುಸುಳುತ್ತಿದೆ ಎಂದು ತಿಳಿಯಬೇಕು. ಮೇಲೇಳುವ ಸಣ್ಣ ಗುಳ್ಳೆಗಳು ಬಾಯಿಯ ಕಡೆಯಿಂದ ಬರುತ್ತಿದ್ದರೆ ದೋಷ ಬೆರಳಿನದಲ್ಲ, ಭರಣಿಯ ಅಂಚಿನದು. ಅಲ್ಲೆಲ್ಲೋ ಒಂದು ಕಚ್ಚು ಇದ್ದೀತು.

ಈಗ ಮಾತು. ನಾಲ್ಕಾರು ಸಲ ತಿದ್ದಿ, ಗಡಿಯಾರದೆದುರು ಓದಿಸಿ, ಕೊನೆಗೆ ನಿಂತ ರೂಪ ಇದು:

"ಭರಣಿಯ ತುಂಬ ನೀರು. ಬಾಯಿಗೆ ಒಂದು ರಟ್ಟು. ಬುಡದಲ್ಲೊಂದು ತೂತಿದೆ, ಬೆರಳಿನಿಂದ ಮುಚ್ಚಿದ್ದೇನೆ. ಮಗುಚುತ್ತೇನೆ. ಕೈ ತೆಗೆಯುತ್ತೇನೆ. ನೀರು ಬೀಳಲಿಲ್ಲ. ಕೆಳಗಿನ ಗಾಳಿ ರಟ್ಟನ್ನು ಮೇಲಕ್ಕೆ ತಳ್ಳುತ್ತಿದೆ. ಮೇಲಿನ ಗಾಳಿಯೂ ಕೆಳಕ್ಕೆ ತಳ್ಳುತ್ತಿದೆ; ಆದರೆ ಅದು ನೀರನ್ನು ಮುಟ್ಟದಂತೆ ಭರಣಿಯ ಬುಡ, ನನ್ನ ಬೆರಳು ತಡೆದಿವೆ. ರಟ್ಟು ಅಂಟಿಕೊಂಡಿದೆಯೇ? ನೋಡಿ, ಬೆರಳು ತೆಗೆಯುತ್ತೇನೆ. ಬಿತ್ತು! ಈಗ ಎರಡೂ ಕಡೆಯ ಗಾಳಿ ಸಮಸಮ ತಳ್ಳಿತು. ಉಳಿದದ್ದು ನೀರಿನ ತೂಕ ಮಾತ್ರ."

ಹೆಚ್ಚುಕಡಿಮೆ ಐವತ್ತು ಶಬ್ದಗಳು. ಉಳಿದ ಹತ್ತು ಸೆಕೆಂಡನ್ನು ಮೌನಕ್ಕೆ ಇಟ್ಟೆವು, ಅದೂ ಒಂದೇ ಜಾಗದಲ್ಲಿ: ಕೈ ತೆಗೆದ ಕ್ಷಣದಿಂದ 'ನೀರು ಬೀಳಲಿಲ್ಲ' ಎನ್ನುವವರೆಗೆ. ಈ ಮೌನವನ್ನು ಕಾಯ್ದುಕೊಳ್ಳುವುದು ಅವಳಿಗೆ ಬಹಳ ಕಷ್ಟವಾಯಿತು. ಕಾಣುವುದು ಮೊದಲು, ಕಾರಣ ಆಮೇಲೆ ಎಂಬ ಕ್ರಮ ಕೆಟ್ಟರೆ ನೋಡುವವರು ಕಾರಣವನ್ನು ಕೇಳುತ್ತಲೇ ಕಣ್ಣನ್ನು ಬಿಟ್ಟುಬಿಡುತ್ತಾರೆ. 'ವಾತಾವರಣ' ಎಂಬ ಶಬ್ದವಾಗಲಿ ಅಂಕೆಸಂಖ್ಯೆಯಾಗಲಿ ಇದರಲ್ಲಿಲ್ಲ. ಅವೆಲ್ಲ ನಲವತ್ತೊಂದನೆಯ ಸೆಕೆಂಡಿನ ನಂತರ, ಯಾರಾದರೂ ಪ್ರಶ್ನೆ ಕೇಳಿದಾಗ ಬರತಕ್ಕವು.

ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕಣ್ಣಿಗೆ ಕಾಣದ ಗಾಳಿಗೆ ಇಷ್ಟು ನೀರನ್ನು ಹೊರುವ ಬಲವಿದೆಯೇ? ಲೆಕ್ಕ ಸುಲಭ. ಸಮುದ್ರದ ಮಟ್ಟದ ಸುಮಾರಿನಲ್ಲಿ ಗಾಳಿ ಒಂದು ಚದರ ಸೆಂಟಿಮೀಟರಿನ ಮೇಲೆ ಹೆಚ್ಚುಕಡಿಮೆ ಒಂದು ಕಿಲೋ ತೂಕದಷ್ಟು ಬಲದಿಂದ ತಳ್ಳುತ್ತದೆ. ನಮ್ಮ ಭರಣಿಯ ಬಾಯಿ 38 ಚದರ ಸೆಂಟಿಮೀಟರು. ಅಂದರೆ ರಟ್ಟನ್ನು ಕೆಳಗಿನಿಂದ ತಳ್ಳುತ್ತಿರುವುದು ಸುಮಾರು 40 ಕಿಲೋ, ನಮ್ಮ ಕಡೆಯ ಒಂದು ಮುಡಿ ಅಕ್ಕಿಯ ತೂಕದ ಹತ್ತಿರ ಹತ್ತಿರ. ಒಳಗಿನ ನೀರಾದರೋ 400 ಗ್ರಾಮೂ ಇಲ್ಲ. ಹಾಗಿದ್ದರೆ ಇಡೀ ಭರಣಿ ಮಾಡಿಗೆ ಹಾರಬೇಡವೇ? ಹಾರುವುದಿಲ್ಲ. ಗಾಳಿಯ ನೂರು ಪಾಲು ಬಲದಲ್ಲಿ ನೀರನ್ನು ಎತ್ತಿಹಿಡಿಯಲು ವ್ಯಯವಾಗುವುದು ಒಂದು ಪಾಲು. ಉಳಿದ ತೊಂಬತ್ತೊಂಬತ್ತು ಪಾಲು ನೀರಿನ ಮೂಲಕ ಸಾಗಿ ಭರಣಿಯ ಬುಡವನ್ನು ಒಳಗಿನಿಂದ ಮೇಲಕ್ಕೆ ಒತ್ತುತ್ತದೆ. ಅದೇ ಬುಡವನ್ನು ಹೊರಗಿನ ಗಾಳಿ ನೂರು ಪಾಲು ಬಲದಿಂದ ಕೆಳಕ್ಕೆ ಒತ್ತುತ್ತಿರುತ್ತದೆ. ವ್ಯತ್ಯಾಸವಾದ ಆ ಒಂದು ಪಾಲನ್ನೇ ನಮ್ಮ ಕೈ ನೀರಿನ ತೂಕವೆಂದು ಅನುಭವಿಸುವುದು.

ಕೆಲವು ಪುಸ್ತಕಗಳು ಹೇಳುವುದುಂಟು, ಲೋಟವನ್ನು ಅಂಚಿನವರೆಗೆ ತುಂಬಿಸಲೇಬೇಕು, ಒಳಗೆ ಗಾಳಿ ಇರಕೂಡದು, ಇದ್ದರೆ ಪ್ರಯೋಗ ಸಾಗದು ಎಂದು. ಇದು ಸರಿಯಲ್ಲ. ಭರಣಿಯಲ್ಲಿ ಅರ್ಧ ನೀರು, ಅರ್ಧ ಗಾಳಿ ಇರಲಿ. ಆಗಲೂ ರಟ್ಟು ನಿಲ್ಲುತ್ತದೆ. ಮಗುಚಿದಾಗ 5 ಸೆಂಟಿಮೀಟರು ನೀರು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ರಟ್ಟು ಕಂಡೂ ಕಾಣದಂತೆ ಹೊರಕ್ಕೆ ಉಬ್ಬುತ್ತದೆ. ಒಳಗಿನ ಗಾಳಿಗೆ ಅಷ್ಟು ಜಾಗ ಹೆಚ್ಚಾದುದರಿಂದ ಅದರ ತಳ್ಳುವ ಬಲ ಇನ್ನೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. 5 ಸೆಂಟಿಮೀಟರು ನೀರನ್ನು ಹೊರಲು ಬೇಕಾದ ವ್ಯತ್ಯಾಸ ಅಷ್ಟೇ. ನೀರು ಇಳಿಯಬೇಕಾದದ್ದು ಕಾಲು ಮಿಲಿಮೀಟರು. ಒಳಗೆ ಗಾಳಿ ಇರಕೂಡದೆಂಬುದಲ್ಲ, ಒಳಗಿನ ಗಾಳಿ ಹೊರಗಿನದಕ್ಕಿಂತ ಒಂದಿಷ್ಟು ಸಡಿಲವಾಗಿದ್ದರೆ ಸಾಕು ಎಂಬುದು ತತ್ತ್ವ. ಆದರೂ ಪ್ರದರ್ಶನದಲ್ಲಿ ಪೂರ್ತಿ ತುಂಬಿಸುವುದೇ ಕ್ಷೇಮ. ಅಲುಗಿದಾಗ ಒಳಗಿನ ನೀರು ತುಳುಕಿ ರಟ್ಟನ್ನು ಜಾರಿಸುವ ಭಯವಿರುವುದಿಲ್ಲ, ವಿವರಣೆಯೂ ನಲವತ್ತು ಸೆಕೆಂಡಿನ ಗಡಿ ದಾಟುವುದಿಲ್ಲ.

ಹತ್ತು ಸೆಂಟಿಮೀಟರು ನೀರಿಗೆ ಗಾಳಿಯ ನೂರನೆಯ ಒಂದು ಪಾಲು ಸಾಕಾದರೆ, ಪೂರ್ಣ ಬಲಕ್ಕೆ ಎಷ್ಟು ನೀರು ನಿಂತೀತು? ಸುಮಾರು 10 ಮೀಟರು. ಕರಾರುವಾಕ್ಕಾಗಿ ಹೇಳಿದರೆ 10.3 ಮೀಟರು, ನಮ್ಮ ಹಳೆಯ ಲೆಕ್ಕದಲ್ಲಿ 34 ಅಡಿ. ಕುಕ್ಕುಂದೂರಿನವರಿಗೆ ಈ ಎತ್ತರವನ್ನು ಕಣ್ಣಿಗೆ ಕಟ್ಟಿಸುವುದು ಸುಲಭ. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಂತ ಗೋಮಟನ ಎತ್ತರ 42 ಅಡಿ. ಅವನ ಪಾದದ ಬಳಿ ಒಂದು ತೊಟ್ಟಿ ನೀರಿಟ್ಟು, ಅದರಲ್ಲಿ ಅಷ್ಟೇ ಉದ್ದದ ಕೊಳವೆಯನ್ನು ನಿಲ್ಲಿಸಿ, ಮೇಲಿನ ತುದಿಯಿಂದ ಗಾಳಿಯನ್ನೆಲ್ಲ ಹೊರತೆಗೆದರೆ ನೀರು ಏರತೊಡಗುತ್ತದೆ. ಆದರೆ ನೆತ್ತಿಗೆ ಇನ್ನೂ ಎಂಟು ಅಡಿ ಇರುವಂತೆಯೇ ನಿಂತುಬಿಡುತ್ತದೆ. ಎಂಥ ಯಂತ್ರವನ್ನು ಕಟ್ಟಿದರೂ ಮುಂದಕ್ಕೆ ಏರದು. ಇಟಲಿಯ ಬಾವಿಯ ಪಂಪುಗಳಲ್ಲಿ ನೀರು ಹೀಗೆಯೇ ನಿಲ್ಲುವುದನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಪ್ರಸ್ತಾಪಿಸಿದ. ಉದ್ದನೆಯ ಹಗ್ಗ ತನ್ನ ತೂಕಕ್ಕೆ ತಾನೇ ಹರಿಯುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದು ಅವನ ಊಹೆ. ಎಳೆತವೆಂಬ ಕಲ್ಪನೆ ಅವನನ್ನೂ ಬಿಟ್ಟಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅವನ ಶಿಷ್ಯ ಟೊರಿಸೆಲ್ಲಿ ನೀರಿನ ಬದಲು ಅದಕ್ಕಿಂತ ಹದಿಮೂರೂವರೆ ಪಾಲು ತೂಕದ ಪಾದರಸವನ್ನು ತೆಗೆದುಕೊಂಡು ಯೋಚಿಸಿದ. ಅದು 76 ಸೆಂಟಿಮೀಟರಿಗೆ ನಿಂತಿತು. ಒಳಗಿನಿಂದ ಯಾರೂ ಎಳೆಯುತ್ತಿಲ್ಲ, ಹೊರಗಿನ ಗಾಳಿ ತಳ್ಳುತ್ತಿದೆ ಎಂಬುದನ್ನು ಅವನು ಕಂಡ.

ಮೂರು ಶತಮಾನಗಳ ಮೇಲೂ ನಮ್ಮ ಮಾತಿನಲ್ಲಿ ಪಂಪು ನೀರನ್ನು 'ಎಳೆಯುತ್ತದೆ', ಹುಡುಗರು ಸೀಯಾಳದ ನೀರನ್ನು ಕೊಳವೆಯಿಂದ 'ಹೀರುತ್ತಾರೆ'. ಆಡುಮಾತಿಗೆ ಅದು ಸೊಗಸೇ. ತಿದ್ದಲು ನಾನು ಹೋಗುವವನಲ್ಲ. ಕಷ್ಟ ಬರುವುದು ಹಣ ಕೊಡುವಾಗ. ನಮ್ಮೂರಿನಲ್ಲಿ ಮುರಕಲ್ಲು ಕಡಿದು ತೋಡಿದ ಬಾವಿಗಳೇ ಹೆಚ್ಚು. ಮಳೆಗಾಲದಲ್ಲಿ ನೀರು ಕೈಗೆಟುಕುವಂತಿದ್ದರೂ ಏಪ್ರಿಲ್ ತಿಂಗಳಿಗೆ ಪಾತಾಳ ಸೇರುತ್ತದೆ. ಪರಿಚಿತರೊಬ್ಬರ ತೋಟದ ಬಾವಿಯಲ್ಲಿ ಒಂದು ಬೇಸಗೆ ನೀರು ಕಟ್ಟೆಯಿಂದ 36 ಅಡಿ ಕೆಳಗಿಳಿಯಿತು. ದಂಡೆಯ ಮೇಲಿದ್ದ ಪಂಪು ಬರಿದೇ ಗಿರಗುಟ್ಟಿತು. ಮೋಟಾರಿಗೆ ಎಳೆಯುವ ಶಕ್ತಿ ಸಾಲದೆಂದು ಯಾರೋ ಹೇಳಿದರು. ಒಂದೂವರೆ ಕುದುರೆ ಶಕ್ತಿಯದನ್ನು ತೆಗೆದು ಮೂರರದನ್ನು ಕೂರಿಸಿದರು. ಸದ್ದು ಹೆಚ್ಚಾಯಿತು, ವಿದ್ಯುತ್ತಿನ ಬಿಲ್ಲು ಹೆಚ್ಚಾಯಿತು, ನೀರು ಬರಲಿಲ್ಲ.

ಪಂಪಿನೊಳಗಿನ ಚಕ್ರ ತನ್ನಲ್ಲಿರುವ ನೀರನ್ನು ಸುತ್ತಲೂ ಎಸೆಯುತ್ತದೆ. ನಡುವೆ ಒತ್ತಡ ಇಳಿಯುತ್ತದೆ. ಅದು ಮಾಡುವುದು ಇಷ್ಟೇ, ನಮ್ಮ ಹುಡುಗಿಯ ಬೆರಳು ಮಾಡುವ ಕೆಲಸ: ಮೇಲಿನಿಂದ ಗಾಳಿ ತಳ್ಳದಂತೆ ತಡೆಯುವುದು. ಬಾವಿಯ ನೀರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುವುದು ಬಾವಿಯೊಳಗಿನ ಗಾಳಿ. ಮೋಟಾರು ಒಂದೂವರೆಯಿಂದ ಮೂರಾದರೂ ಬಾವಿಯೊಳಗಿನ ಗಾಳಿಯ ಬಲ ಹೆಚ್ಚುವುದಿಲ್ಲ. 34 ಅಡಿಯೂ ಕಾಗದದ ಮೇಲಿನ ಲೆಕ್ಕ. ಕೊಳವೆಯ ಉಜ್ಜಾಟ, ಜೋಡಣೆಗಳಲ್ಲಿ ನುಸುಳುವ ಗಾಳಿ, ಒತ್ತಡ ತೀರ ಇಳಿದಾಗ ನೀರೇ ಆವಿಯಾಗತೊಡಗುವುದು, ಇವೆಲ್ಲ ಸೇರಿ ಬಳಕೆಯಲ್ಲಿ 22ರಿಂದ 25 ಅಡಿಗೇ ಮುಗಿಯುತ್ತದೆ. 36 ಅಡಿಯಂತೂ ಆಗದ ಮಾತು.

ಮರುವರ್ಷ ಅವರು ಹಳೆಯ ಒಂದೂವರೆಯ ಪಂಪನ್ನೇ ಬಾವಿಯೊಳಗೆ 15 ಅಡಿ ಕೆಳಗೆ, ಮುರಕಲ್ಲಿನ ಗೋಡೆಯಲ್ಲಿ ಕಡಿದ ಮೆಟ್ಟಿನ ಮೇಲೆ ಕೂರಿಸಿದರು. ಅಲ್ಲಿಂದ ನೀರಿಗೆ 21 ಅಡಿ. ಅಷ್ಟನ್ನು ಗಾಳಿ ತಳ್ಳಿಕೊಟ್ಟಿತು. ಪಂಪಿನಿಂದ ಮೇಲಕ್ಕೆ ತೋಟದವರೆಗೆ ತಳ್ಳುವುದು ಮೋಟಾರಿನ ಕೆಲಸ, ಅಲ್ಲಿ ಅದರ ಕುದುರೆ ಶಕ್ತಿಗೆ ಅರ್ಥವಿದೆ. ಕೊಳವೆಯ ತುದಿಯ ಫುಟ್‌ವಾಲ್ವನ್ನು ಹೊಸದು ಹಾಕಿ, ಪಂಪಿಗೆ ಒಂದು ಕೊಡ ನೀರು ಕುಡಿಸಿ ಗುಂಡಿ ಒತ್ತಿದರು. ಅಡಿಕೆ ಗಿಡಗಳ ಬುಡಕ್ಕೆ ನೀರು ಬಂತು.